ದೊಡ್ಡಮ್ಮನ ಟಿವಿಯಲ್ಲಿ ಏಳೇ ಚಾನೆಲ್

ನೀವು ಈಗ ನೋಡುತ್ತಿರುವುದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದಲ್ಲಿರುವ ನಮ್ಮ ದೊಡ್ಡಮ್ಮನ ಮನೆಯ ಚಾವಡಿ. ದೊಡ್ಡಪ್ಪನಿಗೆ ಎಂಬತ್ತಮೂರು ವರ್ಷ, ದೊಡ್ಡಮ್ಮನಿಗೆ ಎಪ್ಪತ್ತೆಂಟು. ವಾರಕ್ಕೆ ಎರಡು ಸಲವಾದರೂ ಇಲ್ಲಿಂದ ನನಗೆ ಫೋನ್ ಬರುತ್ತಿತ್ತು. "ಟಿವಿ ಹಾಳಾಗಿದೆ ಮಗಾ, ಏನು ಒತ್ತಿದರೂ ಚಂದನ ಬರುವುದಿಲ್ಲ" ಎಂದು ದೊಡ್ಡಮ್ಮ ಹೇಳುತ್ತಿದ್ದರು. ಬಂದು ನೋಡಿದರೆ ಟಿವಿಗೆ ಏನೂ ಆಗಿರುತ್ತಿರಲಿಲ್ಲ. ಚಾನೆಲ್ ಬದಲಿಸುವ ಗುಂಡಿಯನ್ನು ಒತ್ತುತ್ತಾ ಅವರು ಮಲಯಾಳ, ತಮಿಳು, ಹಿಂದಿ ಚಾನೆಲ್‌ಗಳನ್ನೆಲ್ಲ ದಾಟಿ, ಸಾಮಾನು ಮಾರುವ ಚಾನೆಲ್‌ಗಳ ನಡುವೆ ಎಲ್ಲೋ ನಿಂತಿರುತ್ತಿದ್ದರು, ಅಲ್ಲಿಂದ ಹಿಂದಕ್ಕೆ ಬರುವ ದಾರಿ ಅವರಿಗೆ ತಿಳಿಯುತ್ತಿರಲಿಲ್ಲ.

ಮೊದಲು ನಾನು ರಟ್ಟಿನ ಮೇಲೆ ಚಾನೆಲ್‌ಗಳ ಸಂಖ್ಯೆಯನ್ನು ದಪ್ಪ ಅಕ್ಷರದಲ್ಲಿ ಬರೆದುಕೊಟ್ಟಿದ್ದೆ. ಅದು ಎರಡು ಕಾರಣಕ್ಕೆ ಸೋತಿತು. ಮೂರು ಅಂಕಿಗಳನ್ನು ಎರಡು ಮೂರು ಸೆಕೆಂಡುಗಳ ಒಳಗೆ ಒತ್ತಿ ಮುಗಿಸದಿದ್ದರೆ ಟಿವಿಯ ಸೆಟ್ ಟಾಪ್ ಪೆಟ್ಟಿಗೆಯು ಮೊದಲ ಎರಡು ಅಂಕಿಗಳನ್ನಷ್ಟೇ ಹಿಡಿದುಕೊಂಡು ಬೇರೆಲ್ಲಿಗೋ ಹೋಗುತ್ತದೆ, ನಡುಗುವ ಬೆರಳಿಗೆ ಅಷ್ಟು ಬೇಗ ಸಾಧ್ಯವಿಲ್ಲ. ಎರಡನೆಯದಾಗಿ, ಸಂಖ್ಯೆಗಳು ಶಾಶ್ವತವಲ್ಲ. ಒಂದು ಚಾನೆಲ್‌ಗೆ ಕೊಟ್ಟ ಸಂಖ್ಯೆಯನ್ನು ಕನಿಷ್ಠ ಒಂದು ವರ್ಷ ಬದಲಿಸಬಾರದೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2017ರ ನಿಯಮ ಹೇಳುತ್ತದೆಯಾದರೂ, ವರ್ಷ ಕಳೆದ ಮೇಲೆ ಅದು ಬದಲಾಗಬಹುದು, ಆಗ ರಟ್ಟಿನಲ್ಲಿ ಬರೆದದ್ದೆಲ್ಲ ತಪ್ಪಾಗುತ್ತದೆ. ಆದ್ದರಿಂದ ಪೆಟ್ಟಿಗೆಯೊಳಗಿರುವ ಮೆಚ್ಚಿನ ಚಾನೆಲ್‌ಗಳ ಪಟ್ಟಿಯನ್ನೇ ಬಳಸಲು ನಿರ್ಧರಿಸಿದೆ.

ರಿಮೋಟ್ ಮುಟ್ಟುವ ಮೊದಲು ಮೂರು ದಿನ ಇಲ್ಲೇ ಉಳಿದು, ಇಬ್ಬರೂ ನಿಜವಾಗಿ ಏನನ್ನು ನೋಡುತ್ತಾರೆಂದು ಬರೆದುಕೊಂಡೆ. ಕೇಳಿದರೆ ಇಪ್ಪತ್ತು ಹೆಸರು ಹೇಳುತ್ತಾರೆ, ನೋಡುವುದು ಅದರ ಅರ್ಧವೂ ಅಲ್ಲ. ಕೊನೆಗೆ ಉಳಿದವು ಡಿಡಿ ಚಂದನ, ಉದಯ, ಜೀ ಕನ್ನಡ, ಟಿವಿ9 ಕನ್ನಡ, ಶ್ರೀ ಶಂಕರ, ಎಸ್‌ವಿಬಿಸಿ ಮತ್ತು ಏಷ್ಯಾನೆಟ್ ನ್ಯೂಸ್. ಕೊನೆಯದನ್ನು ಕೈಬಿಡೋಣವೆಂದು ನಾನು ಹೇಳಿದಾಗ ದೊಡ್ಡಪ್ಪ ಒಪ್ಪಲಿಲ್ಲ. ನಮ್ಮ ಜಿಲ್ಲೆಯಲ್ಲಿ ನಾಳೆ ಶಾಲೆಗೆ ರಜೆಯೋ, ಮಳೆ ಎಷ್ಟು ಎಂಬ ಸುದ್ದಿ ತಿರುವನಂತಪುರದ ಕಡೆಯಿಂದಲೇ ಬರಬೇಕಲ್ಲವೇ ಎಂದು ಅವರು ಕೇಳಿದ್ದು ಸರಿಯಾಗಿಯೇ ಇತ್ತು. ಗಡಿಯ ಈಚೆ ಇರುವ ಕನ್ನಡದ ಮನೆಗೆ ಕನ್ನಡ ಚಾನೆಲ್‌ಗಳಷ್ಟೇ ಸಾಕಾಗುವುದಿಲ್ಲ.

ಇನ್ನೊಂದು ಪರಿಶೀಲನೆ ಅಗತ್ಯ. ಕೇರಳದಲ್ಲಿ ಕೊಡುವ ಸಾಮಾನ್ಯ ಪ್ಯಾಕ್‌ಗಳು ಹೆಚ್ಚಾಗಿ ಮಲಯಾಳ ಚಾನೆಲ್‌ಗಳನ್ನು ಮುಂದಿಟ್ಟುಕೊಂಡು ಮಾಡಿದವು. ಹಣ ಕೊಟ್ಟು ನೋಡಬೇಕಾದ ಕನ್ನಡ ಚಾನೆಲ್‌ಗಳನ್ನು ಕೆಲವೊಮ್ಮೆ ಬೇರೆಯಾಗಿ ಸೇರಿಸಬೇಕಾಗುತ್ತದೆ. ಚಂದಾ ಇಲ್ಲದ ಚಾನೆಲ್ ಕೂಡ ಪಟ್ಟಿಯಲ್ಲಿ ಸೇರಿಕೊಳ್ಳುತ್ತದೆ, ಆದರೆ ಅಲ್ಲಿಗೆ ಹೋದಾಗ ಚಿತ್ರದ ಬದಲು ಒಂದು ಸೂಚನೆ ಮಾತ್ರ ಕಾಣುತ್ತದೆ. ಅದನ್ನು ಕಂಡ ಹಿರಿಯರು ಟಿವಿಯೇ ಕೆಟ್ಟಿತೆಂದು ತಿಳಿಯುತ್ತಾರೆ. ಒಂದೇ ಚಾನೆಲ್‌ನ ಎಚ್‌ಡಿ ರೂಪವೂ ಸಾಮಾನ್ಯ ರೂಪವೂ ಇದ್ದರೆ, ಚಂದಾ ಇರುವುದನ್ನು ಮಾತ್ರ ಆರಿಸಬೇಕು. ಹಾಗಾಗಿ ಏಳನ್ನೂ ಒಂದೊಂದಾಗಿ ಹಾಕಿ, ಚಿತ್ರವೂ ಧ್ವನಿಯೂ ಬರುತ್ತವೆಯೇ ಎಂದು ನೋಡಿಕೊಂಡೆ.

ಈಗ ಪರದೆಯನ್ನು ಗಮನಿಸಿ. `MENU` ಒತ್ತಿ, ಚಾನೆಲ್‌ಗಳ ವಿಭಾಗಕ್ಕೆ ಹೋಗಿ, ಅಲ್ಲಿರುವ `Favourite` ಎಂಬುದನ್ನು ತೆರೆಯುತ್ತಿದ್ದೇನೆ. ಮೆನುವಿನ ಹೆಸರು ಪೆಟ್ಟಿಗೆಯಿಂದ ಪೆಟ್ಟಿಗೆಗೆ ಸ್ವಲ್ಪ ಬೇರೆಯಾಗುತ್ತದೆ. ಕೆಲವು ಪೆಟ್ಟಿಗೆಗಳು ಇಲ್ಲಿ ಗುಪ್ತಸಂಖ್ಯೆಯನ್ನು ಕೇಳುತ್ತವೆ, ನೀವು ಬದಲಿಸಿಲ್ಲವಾದರೆ ಅದು ಹೆಚ್ಚಾಗಿ 0000 ಅಥವಾ 1234 ಆಗಿರುತ್ತದೆ. ಬೇಕಾದ ಚಾನೆಲ್ ಮೇಲೆ ನಿಂತು `OK` ಒತ್ತಿದಾಗ ಅದರ ಪಕ್ಕದಲ್ಲಿ ಹೃದಯದ ಗುರುತು ಮೂಡುತ್ತದೆ. ಏಳೂ ಆದ ಮೇಲೆ `EXIT` ಒತ್ತಿದರೆ ಉಳಿಸಬೇಕೇ ಎಂದು ಕೇಳುತ್ತದೆ, ಒಪ್ಪಿಗೆ ಕೊಡದೆ ಹೊರಬಂದರೆ ಮಾಡಿದ್ದೆಲ್ಲ ಅಳಿಯುತ್ತದೆ. ಮೊದಲ ಸಲ ನಾನು ಹಾಗೆಯೇ ಕಳೆದುಕೊಂಡೆ.

ಅನೇಕರು ಇಲ್ಲಿಗೇ ನಿಲ್ಲಿಸಿ, ಪಟ್ಟಿ ಕೆಲಸ ಮಾಡುತ್ತಿಲ್ಲವೆಂದು ಹೇಳುತ್ತಾರೆ. ಪಟ್ಟಿ ಮಾಡುವುದು ಬೇರೆ, ಪೆಟ್ಟಿಗೆಯನ್ನು ಆ ಪಟ್ಟಿಯೊಳಗೆ ನಿಲ್ಲಿಸುವುದು ಬೇರೆ. `FAV` ಗುಂಡಿಯನ್ನು ಒತ್ತಿ, ನಾನು ಮಾಡಿದ ಪಟ್ಟಿಯನ್ನು ಆರಿಸಿ, ಅದರೊಳಗಿನ ಒಂದು ಚಾನೆಲ್ ಹಾಕಿದ ಮೇಲಷ್ಟೇ `CH+` ಮತ್ತು `CH-` ಗುಂಡಿಗಳು ಏಳರ ಒಳಗೆ ಸುತ್ತತೊಡಗಿದವು. ಪರೀಕ್ಷೆ ಸುಲಭ: `CH+` ಅನ್ನು ಏಳು ಸಲ ಒತ್ತಿ, ಹೊರಟ ಚಾನೆಲ್‌ಗೇ ಮರಳಿದರೆ ನೀವು ಪಟ್ಟಿಯೊಳಗಿದ್ದೀರಿ, ಎಂಟನೆಯ ಹೊಸ ಮುಖ ಕಂಡರೆ ಇನ್ನೂ `All Channels` ನಲ್ಲಿದ್ದೀರಿ. ದೊಡ್ಡಮ್ಮನಿಗೆ ಈ ಸುತ್ತುವಿಕೆಯೇ ಬಹಳ ಹಿಡಿಸಿತು, ಏಕೆಂದರೆ ಒಂದೇ ದಿಕ್ಕಿನಲ್ಲಿ ಒತ್ತುತ್ತಾ ಹೋದರೂ ಚಂದನ ಮತ್ತೆ ಬಂದೇ ಬರುತ್ತದೆ. ನಮ್ಮ ಪೆಟ್ಟಿಗೆಯಲ್ಲಿ ಕ್ರಮ ಮಾತ್ರ ನಾನು ಸೇರಿಸಿದಂತೆ ಬರಲಿಲ್ಲ, ಚಾನೆಲ್ ಸಂಖ್ಯೆಯ ಪ್ರಕಾರವೇ ಬಂದಿತು.

ಎರಡು ವಾರ ಎಲ್ಲವೂ ಸರಿಯಿತ್ತು. ಆಮೇಲೆ ತುಲಾ ತಿಂಗಳ ಗುಡುಗು ಶುರುವಾಯಿತು. ನಮ್ಮ ಕಡೆ ಸಂಜೆ ಸಿಡಿಲಿನ ಸೂಚನೆ ಕಂಡರೆ ಟಿವಿಯ ಪ್ಲಗ್ಗನ್ನೂ ಡಿಶ್‌ನ ಕೇಬಲ್ಲನ್ನೂ ಕಿತ್ತಿಡುವುದು ರೂಢಿ, ಅದನ್ನು ಮಾಡಬೇಡಿ ಎಂದು ನಾನು ಹೇಳಲಾರೆ. ಮರುದಿನ ಪ್ಲಗ್ ಹಾಕಿದಾಗ ಪೆಟ್ಟಿಗೆ ಮೊದಲು ಕಂಪನಿಯವರ ಜಾಹೀರಾತಿನ ಚಾನೆಲ್ಲನ್ನು ತೋರಿಸಿತು, ಪಟ್ಟಿಯಿಂದಲೂ ಹೊರಬಂದಿತ್ತು. ಪಟ್ಟಿ ಅಳಿದಿರಲಿಲ್ಲ. ರಿಮೋಟ್‌ನಿಂದ ಆಫ್ ಮಾಡಿದರೆ ಪೆಟ್ಟಿಗೆ ಪಟ್ಟಿಯೊಳಗೇ ಉಳಿಯುತ್ತದೆ, ವಿದ್ಯುತ್ತೇ ಹೋದರೆ `All Channels` ಗೆ ಮರಳುತ್ತದೆ ಎಂಬುದು ನನಗೆ ಆಗ ತಿಳಿಯಿತು. ಅಂಕಿಯ ಗುಂಡಿಯನ್ನು ಒತ್ತಿ ಪಟ್ಟಿಯಲ್ಲಿಲ್ಲದ ಚಾನೆಲ್‌ಗೆ ಹೋದಾಗಲೂ ನಮ್ಮ ಪೆಟ್ಟಿಗೆಯಲ್ಲಿ ಹೀಗೆಯೇ ಆಗುತ್ತದೆ. ನಿಮ್ಮ ಮನೆಯ ಪೆಟ್ಟಿಗೆ ಹೇಗೆ ನಡೆದುಕೊಳ್ಳುತ್ತದೆಂದು ತಿಳಿಯಲು, ಹಿರಿಯರ ಕೈಗೆ ರಿಮೋಟ್ ಕೊಡುವ ಮೊದಲೇ ಒಮ್ಮೆ ಪ್ಲಗ್ ತೆಗೆದು ಹಾಕಿ ನೋಡಿ.

ಉಳಿದ ಚಾನೆಲ್‌ಗಳಿಗೆ ಬೀಗ ಹಾಕುವ ಆಯ್ಕೆಯೂ ಇದೆ. ನಾನದನ್ನು ಬಿಟ್ಟುಬಿಟ್ಟೆ. ಬೀಗವಿರುವ ಚಾನೆಲ್‌ಗೆ ತಪ್ಪಿ ಹೋದರೆ ಗುಪ್ತಸಂಖ್ಯೆ ಕೇಳುವ ಚೌಕ ಎದ್ದು ನಿಲ್ಲುತ್ತದೆ, ದೊಡ್ಡಮ್ಮನಿಗೆ ಅದು ಬೇರೆ ಚಾನೆಲ್‌ಗಿಂತಲೂ ದೊಡ್ಡ ಗಾಬರಿ. ಅದರ ಬದಲು ಅವರಿಗೆ ಒಂದೇ ಒಂದು ವಿಷಯವನ್ನು ಕಲಿಸಿದೆ: ಗುರುತಿಲ್ಲದ ಚಾನೆಲ್ ಕಂಡರೆ `FAV`, ಆಮೇಲೆ `OK`. ಆ ಎರಡು ಗುಂಡಿಗಳ ಪಕ್ಕದಲ್ಲಿ ದೊಡ್ಡಮ್ಮನೇ ತಮ್ಮ ಹಣೆಯ ಬೊಟ್ಟಿನ ಹಾಳೆಯಿಂದ ಒಂದೊಂದು ಕೆಂಪು ಬೊಟ್ಟನ್ನು ಅಂಟಿಸಿಕೊಂಡರು. ಅಂಕಿಯ ಗುಂಡಿಗಳ ಮೇಲೆ ನಾನು ಬಟ್ಟೆಯ ಟೇಪನ್ನು ಅಂಟಿಸಿದೆ. ಟಿವಿಯ ಸ್ವಂತ ರಿಮೋಟನ್ನು ಕಪಾಟಿನೊಳಗೆ ಇಟ್ಟೆ, ಏಕೆಂದರೆ ಅದರ `INPUT` ಗುಂಡಿ ಒತ್ತಿಹೋದರೆ ಪರದೆಯಲ್ಲಿ ಏನೂ ಬರುವುದಿಲ್ಲ, ಆಗ ಯಾವ ಪಟ್ಟಿಯೂ ನೆರವಾಗುವುದಿಲ್ಲ.

ಪಟ್ಟಿ ಇರುವುದು ಪೆಟ್ಟಿಗೆಯ ನೆನಪಿನಲ್ಲಿ. ದುರಸ್ತಿಗೆ ಬಂದವರು ಪೆಟ್ಟಿಗೆಯನ್ನು ಬದಲಿಸಿದರೆ ಅಥವಾ `Factory Reset` ಮಾಡಿದರೆ ಏಳನ್ನೂ ಹೊಸದಾಗಿ ಗುರುತಿಸಬೇಕು. ಅದಕ್ಕಾಗಿ ಪಟ್ಟಿಯ ಪರದೆಯ ಫೋಟೊ ತೆಗೆದು ನನ್ನ ಫೋನಿನಲ್ಲಿ ಇಟ್ಟುಕೊಂಡಿದ್ದೇನೆ, ಅದರದೇ ಒಂದು ಪ್ರತಿಯನ್ನು ಟಿವಿಯ ಹಿಂಭಾಗಕ್ಕೆ ಅಂಟಿಸಿದ್ದೇನೆ. ನಾನು ಊರಲ್ಲಿಲ್ಲದಿದ್ದರೆ ಪಕ್ಕದ ಮನೆಯ ಹುಡುಗ ಅದನ್ನು ನೋಡಿ ಮಾಡಿಕೊಡಬಲ್ಲ.