ರಾಜೀನಾಮೆ ಪತ್ರದಲ್ಲಿ ನಾನು ಸೇರಿಸಿದ ಒಂದು ಪ್ಯಾರಾ

ನಮಸ್ಕಾರ, ಎಲ್ಲರೂ ಹೇಗಿದ್ದೀರಾ? ಈಗ ನೀವು ನೋಡ್ತಿರೋದು ಜೂನ್ 1, 2025, ಭಾನುವಾರ ಬೆಳಿಗ್ಗೆ. ತಿಂಡಿ ಆಯ್ತು, ಅಮ್ಮ ಪಕ್ಕದಲ್ಲಿ ಕೂತು ಅವರೆಕಾಯಿ ಸುಲೀತಿದ್ದಾರೆ, ನಾನು ಲ್ಯಾಪ್‌ಟಾಪ್ ಮುಂದೆ ಕೂತಿದ್ದೀನಿ. ಬರೀತಿರೋದು ನನ್ನ ರಾಜೀನಾಮೆ ಪತ್ರ. ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಕ್ವಾಲಿಟಿ ವಿಭಾಗದಲ್ಲಿ ಮೂರು ವರ್ಷ ಕೆಲಸ ಮಾಡಿದೆ. ಆಗಸ್ಟ್ 4ಕ್ಕೆ ಹೊಸ ಕೆಲಸ.

ಪತ್ರದಲ್ಲಿ "ರಾಜೀನಾಮೆ ಕೊಡ್ತಿದ್ದೀನಿ" ಅನ್ನೋ ಭಾಗ ಎರಡೇ ಸಾಲು. ನನಗೆ ಪೂರ್ತಿ ಬೆಳಿಗ್ಗೆ ಹಿಡಿದಿದ್ದು ಕೆಳಗಿನ ಪ್ಯಾರಾ. ರಿಲೀವಿಂಗ್ ಲೆಟರ್ ಮತ್ತು ಅನುಭವ ಪತ್ರ ಕೇಳಿರೋ ಪ್ಯಾರಾ. ಅದಕ್ಕೆ ಯಾಕೆ ಅಷ್ಟು ಹೊತ್ತು ಅಂತ ಹೇಳ್ಬೇಕಂದ್ರೆ ನನ್ನ ಮೊದಲನೇ ಕೆಲಸದ ಕಥೆ ಹೇಳ್ಬೇಕು.

ಅಲ್ಲಿ ಬಿಡುವಾಗ ನಾನು ಬರೆದಿದ್ದು "ವೈಯಕ್ತಿಕ ಕಾರಣಗಳಿಂದ ರಾಜೀನಾಮೆ ನೀಡುತ್ತಿದ್ದೇನೆ" ಅಂತ, ಅಷ್ಟೇ. ಕೊನೇ ದಿನ ಎಚ್‌ಆರ್ ಮೇಡಂ "ಲೆಟರ್ ಮೇಲ್‌ಗೆ ಬರುತ್ತಮ್ಮ" ಅಂದ್ರು, ನಾನು ನಂಬಿಕೊಂಡು ಬಂದೆ. ಮೇಲ್ ಬಂದಿದ್ದೂ ನಿಜ. ಆದ್ರೆ ಅದು ಹೋಗಿದ್ದು ನನ್ನ ಆಫೀಸ್ ಮೇಲ್ ಐಡಿಗೆ! ಆ ಐಡಿಯನ್ನ ಕೊನೇ ದಿನ ಸಂಜೆನೇ ಬಂದ್ ಮಾಡಿದ್ರು. ಇತ್ತ ಹೊಸ ಕಂಪನಿಯವರು ಮೊದಲ ದಿನವೇ ರಿಲೀವಿಂಗ್ ಲೆಟರ್ ಎಲ್ಲಿ ಅಂದ್ರು. ಮೂವತ್ತು ದಿನದೊಳಗೆ ತಂದು ಕೊಡ್ತೀನಿ ಅಂತ ಮುಚ್ಚಳಿಕೆ ಬರೆಸಿಕೊಂಡು ಸೇರಿಸಿಕೊಂಡ್ರು. ಹಳೇ ಆಫೀಸಿಗೆ ಫೋನ್ ಮಾಡಿದ್ರೆ ಆ ಮೇಡಂ ಕೆಲಸ ಬಿಟ್ಟು ಹೋಗಿದ್ರು. ಅವರ ಜಾಗಕ್ಕೆ ಬಂದವರು "ನಮ್ಮ ರೆಕಾರ್ಡ್‌ನಲ್ಲಿ ಕಳಿಸಿದ್ದೀವಿ ಅಂತ ಇದೆ, ನೀವು ಬೇರೆ ವಿಳಾಸಕ್ಕೆ ಕೇಳಿದ್ದಕ್ಕೆ ದಾಖಲೆ ಏನಿದೆ?" ಅಂದ್ರು. ನನ್ನ ಹತ್ರ ಒಂದು ಸಾಲೂ ಇರಲಿಲ್ಲ. ಲೆಟರ್ ಕೈಗೆ ಬರೋಕೆ ಎರಡೂವರೆ ತಿಂಗಳಾಯ್ತು. ಬಂದ ಅನುಭವ ಪತ್ರದಲ್ಲಿ ನನ್ನ ಹುದ್ದೆ "ಟ್ರೈನಿ" ಅಂತಿತ್ತು. ನಾನು ಟ್ರೈನಿಯಾಗಿ ಸೇರಿದ್ದು ಹೌದು, ಆದ್ರೆ ಒಂದು ವರ್ಷಕ್ಕೇ ಇನ್‌ಸ್ಪೆಕ್ಟರ್ ಆಗಿದ್ದೆ. ಆ ಒಂದು ಪದದಿಂದ ಮುಂದಿನ ಕಡೆ ನನ್ನ ಅನುಭವವನ್ನ ಕಡಿಮೆ ಲೆಕ್ಕ ಹಾಕಿದ್ರು. ತುಂಬ ನೋವಾಯ್ತು ಆವಾಗ.

ಎರಡೂ ಲೆಟರ್ ಒಂದೇ ಅಂತ ತುಂಬ ಜನ ಅಂದುಕೊಂಡಿರ್ತಾರೆ, ನಾನೂ ಹಾಗೇ ಅಂದುಕೊಂಡಿದ್ದೆ. ರಿಲೀವಿಂಗ್ ಲೆಟರ್ ಹೇಳೋದು, ಇವರ ರಾಜೀನಾಮೆ ಒಪ್ಪಿದ್ದೀವಿ, ಇಂಥ ದಿನ ಕೆಲಸದ ವೇಳೆ ಮುಗಿದ ಮೇಲೆ ಇವರನ್ನ ಬಿಡುಗಡೆ ಮಾಡಿದ್ದೀವಿ ಅಂತ. ಹೊಸ ಕಂಪನಿಗೆ ಸೇರೋ ದಿನ ಬೇಕಾಗೋದು ಇದು. ಅನುಭವ ಪತ್ರ ಹೇಳೋದು, ಇಂಥ ದಿನದಿಂದ ಇಂಥ ದಿನದವರೆಗೆ, ಇಂಥ ಹುದ್ದೆಯಲ್ಲಿ ಇದ್ರು ಅಂತ. ಇದು ಮುಂದೆ ಎಷ್ಟೋ ವರ್ಷ ಕೇಳ್ತಾನೇ ಇರ್ತಾರೆ. ಕೆಲವು ಕಡೆ ಎರಡನ್ನೂ ಸೇರಿಸಿ ಒಂದೇ ಹಾಳೆಯಲ್ಲಿ ಕೊಡ್ತಾರೆ, ತಪ್ಪೇನಿಲ್ಲ, ಎರಡೂ ವಿಷಯ ಅದರಲ್ಲಿ ಇದ್ರೆ ಸಾಕು. ಆದ್ರೆ ಕೇಳುವಾಗ ಎರಡು ಹೆಸರನ್ನೂ ಬಿಡಿಸಿ ಬರೀಬೇಕು. "ಅಗತ್ಯ ದಾಖಲೆಗಳನ್ನು ಕೊಡಿ" ಅಂದ್ರೆ ಯಾವುದು ಅಗತ್ಯ ಅಂತ ಅವರೇ ತೀರ್ಮಾನ ಮಾಡ್ತಾರೆ.

ಪತ್ರ ಬರೆದಿದ್ದು ಇಂಗ್ಲಿಷ್‌ನಲ್ಲಿ. ಆ ಪ್ಯಾರಾನ ಕನ್ನಡದಲ್ಲಿ ಓದ್ತೀನಿ, ಕೇಳಿ.

"ನೇಮಕಾತಿ ಪತ್ರದ ಪ್ರಕಾರ 60 ದಿನಗಳ ನೋಟಿಸ್ ಅವಧಿಯನ್ನು ಪೂರೈಸುತ್ತೇನೆ. ಜೂನ್ 3ರಿಂದ ಎಣಿಸಿದರೆ ನನ್ನ ಕೊನೆಯ ಕೆಲಸದ ದಿನ ಆಗಸ್ಟ್ 1, 2025 ಆಗುತ್ತದೆ. ದಯವಿಟ್ಟು ಈ ದಿನಾಂಕವನ್ನು ಲಿಖಿತವಾಗಿ ಖಚಿತಪಡಿಸಿ. ಜವಾಬ್ದಾರಿ ಹಸ್ತಾಂತರ ಮತ್ತು ನೋ ಡ್ಯೂಸ್ ಮುಗಿಸಿದ ಮೇಲೆ, ರಿಲೀವಿಂಗ್ ಲೆಟರನ್ನು ಕೊನೆಯ ದಿನವೇ ಕೊಡಬೇಕೆಂದು ಕೋರುತ್ತೇನೆ. ಅನುಭವ ಪತ್ರವನ್ನು ಅಂತಿಮ ಲೆಕ್ಕದೊಂದಿಗೆ ಕೊಟ್ಟರೂ ಆದೀತು. ಎರಡರಲ್ಲೂ ನನ್ನ ಹೆಸರು ಪ್ಯಾನ್ ಕಾರ್ಡ್‌ನಲ್ಲಿರುವಂತೆಯೇ ಇರಲಿ, ಅನುಭವ ಪತ್ರದಲ್ಲಿ ಸೇರಿದ ದಿನಾಂಕ, ಕೊನೆಯ ದಿನಾಂಕ ಮತ್ತು ಈಗಿನ ಹುದ್ದೆ ನಮೂದಾಗಲಿ. ಸ್ಕ್ಯಾನ್ ಪ್ರತಿಗಳನ್ನು ಈ ಕೆಳಗಿನ ನನ್ನ ಸ್ವಂತ ಇಮೇಲ್‌ಗೆ ಕಳಿಸಿ."

ಅಷ್ಟೇ. ಇದರಲ್ಲಿ ಹೆಸರಿನ ವಿಷಯ ಸ್ವಲ್ಪ ಹೇಳ್ಬೇಕು, ಯಾಕಂದ್ರೆ ಇದು ನಮ್ಮ ಕಡೆಯವರಿಗೇ ಜಾಸ್ತಿ ಕಾಡೋದು. ನಮ್ಮ ಹೆಸರಿನ ಮುಂದೆ ಇನಿಷಿಯಲ್ ಇರುತ್ತೆ. ಫ್ಯಾಕ್ಟರಿ ಮಸ್ಟರ್‌ನಲ್ಲಿ ಇನಿಷಿಯಲ್ ಜೊತೆ ಹೆಸರು, ಪ್ಯಾನ್‌ನಲ್ಲಿ ಅಪ್ಪನ ಹೆಸರು ಬಿಡಿಸಿ ಸರ್‌ನೇಮ್ ಥರ, ಮಾರ್ಕ್ಸ್ ಕಾರ್ಡ್‌ನಲ್ಲಿ ಇನಿಷಿಯಲ್ ಕೊನೆಯಲ್ಲಿ. ನಮಗೆ ಮೂರೂ ಒಬ್ಬರೇ. ಎಲ್ಲೋ ಕೂತು ದಾಖಲೆ ಪರಿಶೀಲನೆ ಮಾಡೋರಿಗೆ ಮೂರು ಜನ. ಲೆಟರ್ ಪ್ರಿಂಟ್ ಆದ್ಮೇಲೆ ತಿದ್ದಿಸೋದಕ್ಕಿಂತ ಮೊದಲೇ ಬರೆದು ಕೊಡೋದು ಸುಲಭ.

ಇನ್ನೊಂದು, ಮೊದಲ ಕರಡಿನಲ್ಲಿ ನಾನೊಂದು ತಪ್ಪು ಮಾಡಿದ್ದೆ. ಹಳೇ ಕಂಪನಿಯ ಸಿಟ್ಟು ಒಳಗೇ ಇತ್ತಲ್ಲ, "ಕೊನೆಯ ದಿನ ಲೆಟರ್ ಕೊಡುವ ಷರತ್ತಿನ ಮೇಲೆ ರಾಜೀನಾಮೆ ಕೊಡುತ್ತಿದ್ದೇನೆ" ಅಂತ ಬರೆದುಬಿಟ್ಟಿದ್ದೆ. ಅಣ್ಣ ಓದಿ ಅದನ್ನ ಹೊಡೆದು ಹಾಕಿಸಿದ. ಅವನು ಹೇಳಿದ್ದು ಸರಿ. ಷರತ್ತು ಹಾಕಿದ ರಾಜೀನಾಮೆ ಸ್ಪಷ್ಟವಾದ ರಾಜೀನಾಮೆ ಅಲ್ಲ, ಅದನ್ನ ಒಪ್ಪಲ್ಲ ಅಂತ ವಾಪಸ್ ಕೊಡಬಹುದು, ಆಗ ನೋಟಿಸ್ ದಿನಗಳ ಲೆಕ್ಕವೇ ಶುರುವಾಗಲ್ಲ. ರಾಜೀನಾಮೆ ಒಂದು ವಾಕ್ಯ, ಕೋರಿಕೆ ಬೇರೆ ವಾಕ್ಯ. ಹಾಗೇ ಬಾಕಿ ಓಟಿ, ಬಡ್ತಿ ಸಿಗದ ಬೇಜಾರು, ಇದ್ಯಾವುದನ್ನೂ ಈ ಪತ್ರದಲ್ಲಿ ತರಲಿಲ್ಲ.

ಇದು ಸೋಮವಾರ. ಕೈಯಲ್ಲಿ ಎರಡು ಪ್ರತಿ ಇದೆ ನೋಡಿ. ಒಂದು ಅವರಿಗೆ. ಇನ್ನೊಂದರ ಮೇಲೆ ಸ್ವೀಕರಿಸಿದ್ದಕ್ಕೆ ಸಹಿ, ತಾರೀಕು, ಸೀಲು ಹಾಕಿಸಿಕೊಂಡೆ. ನೇರಳೆ ಶಾಯಿಯ ದುಂಡು ಸೀಲು, ಅದರೊಳಗೆ 2-6-2025. ಸಂಜೆ ಅದೇ ಪತ್ರವನ್ನ ನಮ್ಮ ಮ್ಯಾನೇಜರ್ ಸರ್‌ಗೂ ಎಚ್‌ಆರ್‌ಗೂ ಮೇಲ್ ಮಾಡಿ, ನನ್ನ ಸ್ವಂತ ಐಡಿಗೂ ಪ್ರತಿ ಹಾಕಿದೆ. ನಿಮ್ಮಲ್ಲಿ ಪೋರ್ಟಲ್‌ನಲ್ಲೇ ರಾಜೀನಾಮೆ ಹಾಕೋ ಪದ್ಧತಿ ಇದ್ರೂ ಈ ಮೇಲ್ ಬಿಡಬೇಡಿ. ಎಷ್ಟೋ ಪೋರ್ಟಲ್‌ಗಳಲ್ಲಿ ಕಾರಣ ಆರಿಸೋಕೆ ಪಟ್ಟಿ ಇರುತ್ತೆ, ಕೋರಿಕೆ ಬರೆಯೋಕೆ ಜಾಗ ಇರಲ್ಲ, ಮೇಲಾಗಿ ಕೊನೇ ದಿನದ ನಂತರ ಅದು ಸಾಮಾನ್ಯವಾಗಿ ನಮಗೆ ತೆರೆಯಲ್ಲ.

ನಾಲ್ಕನೇ ದಿನ ಉತ್ತರ ಬಂತು. ಕೊನೇ ದಿನ ಆಗಸ್ಟ್ 1 ಅಂತ ಒಪ್ಪಿದ್ರು, ನೋ ಡ್ಯೂಸ್ ಪೂರ್ತಿಯಾದ್ರೆ ರಿಲೀವಿಂಗ್ ಲೆಟರ್ ಅವತ್ತೇ ಅಂದ್ರು. ಈ "ಪೂರ್ತಿಯಾದ್ರೆ" ಅನ್ನೋದರಲ್ಲೇ ಎಲ್ಲ ಇದೆ. ನೋಟಿಸ್ ಅರ್ಧಕ್ಕೆ ಬಿಟ್ಟರೆ, ಕೊಟ್ಟ ಸಾಮಾನು ವಾಪಸ್ ಮಾಡದಿದ್ದರೆ, ಪತ್ರದಲ್ಲಿ ಎಷ್ಟು ಚೆನ್ನಾಗಿ ಕೇಳಿದ್ರೂ ಲೆಟರ್ ನಿಲ್ಲುತ್ತೆ. ಅದಕ್ಕೆ ನಾನು ಹತ್ತು ದಿನ ಮುಂಚೆನೇ ನೋ ಡ್ಯೂಸ್ ಫಾರಂ ಇಸ್ಕೊಂಡೆ.

ಮುಂಚೆ ಇಸ್ಕೊಂಡಿದ್ದು ಒಳ್ಳೇದಾಯ್ತು. ಕ್ಯಾಂಟೀನ್, ಅಕೌಂಟ್ಸ್, ಐಟಿ ಎಲ್ಲ ಸಹಿ ಆಯ್ತು, ಸ್ಟೋರ್ಸ್‌ನಲ್ಲಿ ಸಿಕ್ಕಿಕೊಂಡಿತು. ರಿಜಿಸ್ಟರ್‌ನಲ್ಲಿ ನನ್ನ ಹೆಸರಿಗೆ ಒಂದು ವರ್ನಿಯರ್ ಕ್ಯಾಲಿಪರ್, ಒಂದು ಮೈಕ್ರೋಮೀಟರ್ ಇತ್ತು. ಕ್ಯಾಲಿಪರ್ ಕೊಟ್ಟೆ. ಮೈಕ್ರೋಮೀಟರ್ ಕ್ಯಾಲಿಬ್ರೇಷನ್‌ಗೆ ಹೊರಗಡೆ ಲ್ಯಾಬ್‌ಗೆ ಹೋಗಿತ್ತು. ಸ್ಟೋರ್ಸ್ ಅಣ್ಣ "ಸಾಮಾನು ನೋಡದೆ ಹೇಗಮ್ಮ ಸಹಿ ಹಾಕಲಿ?" ಅಂದ್ರು, ಅವರದ್ದೂ ನ್ಯಾಯವೇ. ಲ್ಯಾಬ್‌ಗೆ ಕಳಿಸಿದ ಚಲನ್ ಹುಡುಕಿ, ಅದರ ಸೀರಿಯಲ್ ನಂಬರ್ ರಿಜಿಸ್ಟರ್‌ನ ನಂಬರಿಗೆ ತಾಳೆ ಮಾಡಿ ತೋರಿಸಿ, ಮ್ಯಾನೇಜರ್ ಸರ್ ಕೈಯಲ್ಲಿ ಬರೆಸಿ, ಮೈಕ್ರೋಮೀಟರನ್ನ ನನ್ನ ಜಾಗಕ್ಕೆ ಬಂದ ಹುಡುಗನ ಹೆಸರಿಗೆ ವರ್ಗ ಮಾಡಿಸಿದೆ. ಮೂರು ದಿನ ಓಡಾಟ. ಇದೇ ಕೊನೇ ದಿನ ಗೊತ್ತಾಗಿದ್ರೆ ಲೆಟರ್ ಇಲ್ಲದೆ ಮನೆಗೆ ಬರ್ತಿದ್ದೆ.

ಇದು ಆಗಸ್ಟ್ 1, ಶುಕ್ರವಾರ, ಸಂಜೆ. ಕೈಯಲ್ಲಿರೋದು ರಿಲೀವಿಂಗ್ ಲೆಟರ್. ಖುಷಿಯಲ್ಲಿ ಮಡಚಿ ಬ್ಯಾಗಿಗೆ ಹಾಕೋಕೆ ಹೋದೆ, ಆದ್ರೂ ನಿಂತಲ್ಲೇ ಒಂದು ಸಲ ಓದಿದೆ. ಬಿಡುಗಡೆ ದಿನಾಂಕ ಜುಲೈ 31 ಅಂತಿತ್ತು! ಟೈಪ್ ಮಾಡಿದವರು ನಾನು ಪತ್ರ ಕೊಟ್ಟ ಜೂನ್ 2ನ್ನೂ ಸೇರಿಸಿ ಅರವತ್ತು ಎಣಿಸಿದ್ರು.

ಒಂದು ದಿನ ತಾನೇ ಅಂತ ಬಿಡಬಹುದಿತ್ತು. ಆದ್ರೆ ಆಗಸ್ಟ್ 1ರ ಹಾಜರಿ ನನ್ನದು ಇದೆ, ಆ ದಿನದ ಸಂಬಳ ಇದೆ, ಅದರ ಮೇಲೆ ಪಿಎಫ್ ಕಟ್ಟಾಗುತ್ತೆ. ಪಿಎಫ್ ಖಾತೆಯಲ್ಲಿ ಕೆಲಸ ಬಿಟ್ಟ ದಿನಾಂಕ ಒಂದು, ಲೆಟರ್‌ನಲ್ಲಿ ಇನ್ನೊಂದು ಇದ್ರೆ, ಮುಂದೆ ಪರಿಶೀಲನೆ ಮಾಡೋರು ಅದಕ್ಕೇ ಪ್ರಶ್ನೆ ಎತ್ತುತ್ತಾರೆ. ಹಳೇ ಕಡೆಯ ಕೊನೇ ದಿನ ಹೊಸ ಕಡೆ ಸೇರಿದ ದಿನಕ್ಕಿಂತ ಆಚೆ ಬಿದ್ದುಬಿಟ್ಟರೆ ಏಕಕಾಲಕ್ಕೆ ಎರಡು ಕಡೆ ಕೆಲಸ ಮಾಡಿದ ಹಾಗೆ ಕಾಣುತ್ತೆ. ವಾಪಸ್ ಮೆಟ್ಟಿಲು ಹತ್ತಿದೆ. ನನ್ನ ಪತ್ರದಲ್ಲಿ ಜೂನ್ 3ರಿಂದ ಅಂತ ಬರೆದಿದ್ದು, ಅದಕ್ಕೆ ಅವರೇ ಕೊಟ್ಟ ಉತ್ತರ, ಎರಡನ್ನೂ ಫೋನ್‌ನಲ್ಲಿ ತೋರಿಸಿದೆ. "ಸಾರಿ ಕಣಮ್ಮ" ಅಂತ ಹತ್ತು ನಿಮಿಷದಲ್ಲಿ ಬೇರೆ ಪ್ರಿಂಟ್ ತೆಗೆದು ಸಹಿ ಹಾಕಿಸಿ ಕೊಟ್ರು.

ಆಗಸ್ಟ್ 4ಕ್ಕೆ ಹೊಸ ಕಡೆ ಸೇರಿದೆ, ಲೆಟರ್ ಕೊಟ್ಟೆ. ಅನುಭವ ಪತ್ರ ಆಗಸ್ಟ್ ಪೂರ್ತಿ ಬರಲಿಲ್ಲ. ಹೊಸ ಮೇಲ್ ಬರೆಯೋಕೆ ಹೋಗಲಿಲ್ಲ. ಜೂನ್ 2ರ ಅದೇ ಮೇಲ್‌ಗೆ, ನನ್ನ ಸ್ವಂತ ಐಡಿಯಿಂದ, "ಮೇಡಂ, ಅಂತಿಮ ಲೆಕ್ಕದ ಜೊತೆ ಕೇಳಿದ್ದ ಅನುಭವ ಪತ್ರ ಬಾಕಿ ಇದೆ" ಅಂತ ಒಂದೇ ಸಾಲಿನ ಉತ್ತರ ಹಾಕಿದೆ. ಕೆಳಗೆ ಹಳೇದೆಲ್ಲ ಇತ್ತಲ್ಲ, ಯಾರು, ಏನು, ಯಾವಾಗ ಅಂತ ಮತ್ತೆ ವಿವರಿಸೋ ಕೆಲಸವೇ ಬರಲಿಲ್ಲ.

ಈಗ ಸ್ಕ್ರೀನ್ ಮೇಲಿರೋದು ಅದೇ ಪತ್ರ, ಸೆಪ್ಟೆಂಬರ್ ಮೊದಲ ವಾರ ಬಂದಿದ್ದು. ಹೆಸರನ್ನ ಮಸುಕು ಮಾಡಿದ್ದೀನಿ, ಆದ್ರೆ ಪ್ಯಾನ್‌ನಲ್ಲಿ ಇರೋ ಹಾಗೇ ಇದೆ. ಕೆಳಗೆ ಹುದ್ದೆ ಓದಿ: ಸೀನಿಯರ್ ಕ್ವಾಲಿಟಿ ಇನ್‌ಸ್ಪೆಕ್ಟರ್. ಅಮ್ಮನಿಗೆ ತೋರಿಸಿದೆ. ಕನ್ನಡಕ ಹಾಕ್ಕೊಂಡು, ಆ ಸಾಲಿನ ಮೇಲೆ ಬೆರಳಿಟ್ಟು ಎರಡು ಸಲ ಓದಿದ್ರು.