ವಾಪಸ್ ಕಟ್ಟಿದ ದುಡ್ಡಿಗೂ ಬಡ್ಡಿ ಯಾಕೆ ಕೊಡ್ತೀರಿ?

ನಮಸ್ಕಾರ ಅಕ್ಕಂದಿರೇ, ತಂಗಿಯರೇ. ಹೋದ ಸಂಚಿಕೆ ನೋಡಿ ಒಬ್ಬರು ಬರೆದಿದ್ದಾರೆ: "ನೂರಕ್ಕೆ ಎರಡು ರೂಪಾಯಿ ಬಡ್ಡಿ ಅಂದ್ರೆ ಎಲ್ಲ ಕಡೆ ಎರಡೇ ರೂಪಾಯಿ. ಸುಮ್ನೆ ಸಂಘದ ಹೆಂಗಸರ ತಲೆ ಕೆಡಿಸಬೇಡಿ." ಅಲ್ಲ ಸ್ವಾಮಿ, ಎಲ್ಲ ಕಡೆ ಎರಡೇ ಅಲ್ಲ. ಒಂದು ಸಂಘದಲ್ಲಿ ಎರಡು ರೂಪಾಯಿ ಎರಡೇ ಆಗಿರುತ್ತೆ, ಪಕ್ಕದ ಸಂಘದಲ್ಲಿ ಅದೇ ಎರಡು ರೂಪಾಯಿ ಮೂರೂವರೆ ಆಗಿರುತ್ತೆ. ಇವತ್ತು ಇದೊಂದೇ ವಿಷಯ. ಬಡ್ಡಿ ಕೊಡಬೇಕಾದ್ದು ಇನ್ನೂ ಉಳಿದಿರೋ ಅಸಲಿಗೆ ಮಾತ್ರ.

ಲೆಕ್ಕ ಹಾಕೋಣ, ಪೆನ್ನು ತಗೊಳ್ಳಿ. ಹದಿನೈದು ಜನರ ಸಂಘ, ವಾರಕ್ಕೆ ತಲಾ 50 ರೂಪಾಯಿ ಉಳಿತಾಯ. ಒಂದು ವಾರಕ್ಕೆ 750 ಆಯ್ತು. ಹದಿನಾರು ವಾರ ಯಾರೂ ತಪ್ಪಿಸದೆ ಕಟ್ಟಿದ್ರೆ 12,000. ಆ ದುಡ್ಡನ್ನ ಒಬ್ಬ ಸದಸ್ಯೆಗೆ ಹೊಲಿಗೆ ಮಿಷನ್‌ಗೆ ಅಂತ ಆಂತರಿಕ ಸಾಲ ಕೊಟ್ಟಿರಿ ಅಂದುಕೊಳ್ಳಿ. ಹನ್ನೆರಡು ತಿಂಗಳ ಕಂತು, ತಿಂಗಳಿಗೆ 1,000 ಅಸಲು, ಬಡ್ಡಿ ತಿಂಗಳಿಗೆ ನೂರಕ್ಕೆ ಎರಡು.

ಮೊದಲನೇ ತಿಂಗಳು ಅವರ ಮೇಲೆ 12,000 ಇದೆ, ಬಡ್ಡಿ 240. ಇದರಲ್ಲಿ ತಕರಾರಿಲ್ಲ. ಸಾವಿರ ಅಸಲು ಕಟ್ಟಿದ್ರು, ಉಳಿದಿದ್ದು 11,000. ಎರಡನೇ ತಿಂಗಳ ಬಡ್ಡಿ 220 ಆಗಬೇಕು. ಮೂರನೇ ತಿಂಗಳು 200. ಹೀಗೆ ತಿಂಗಳಿಗೆ ಇಪ್ಪತ್ತಿಪ್ಪತ್ತು ಇಳೀತಾ ಹೋಗಿ ಕೊನೇ ಕಂತಿಗೆ 20 ರೂಪಾಯಿ. ಎಲ್ಲ ಕೂಡಿಸಿದ್ರೆ ವರ್ಷದ ಬಡ್ಡಿ 1,560.

ಫ್ಲಾಟ್ ಬಡ್ಡಿ ಹಾಕೋ ಸಂಘದಲ್ಲಿ ಏನಾಗುತ್ತೆ? ಮೊದಲನೇ ತಿಂಗಳು 240, ಆರನೇ ತಿಂಗಳೂ 240, ಹನ್ನೆರಡನೇ ತಿಂಗಳೂ 240. ಒಟ್ಟು 2,880. ಅದೇ ಸಾಲ, ಅದೇ ಕಂತು, ಅದೇ "ಎರಡು ರೂಪಾಯಿ". ಆದ್ರೆ 1,320 ರೂಪಾಯಿ ಹೆಚ್ಚು! ಕೊನೇ ತಿಂಗಳು ನೋಡಿ: ಅವರ ಮೇಲೆ ಉಳಿದಿರೋದು ಬರೀ ಸಾವಿರ ರೂಪಾಯಿ, ಅದಕ್ಕೆ 240 ಬಡ್ಡಿ. ಆ ತಿಂಗಳ ಮಟ್ಟಿಗೆ ನೂರಕ್ಕೆ ಇಪ್ಪತ್ತನಾಲ್ಕು ಆಯ್ತು. ಹನ್ನೆರಡು ಕುರ್ಚಿ ಬಾಡಿಗೆಗೆ ತಂದು, ಹನ್ನೊಂದು ವಾಪಸ್ ಕೊಟ್ಟ ಮೇಲೂ ಹನ್ನೆರಡಕ್ಕೂ ಬಾಡಿಗೆ ಕೇಳಿದ್ರೆ ಕೊಡ್ತೀರಾ? ಶಾಮಿಯಾನದವನ ಜೊತೆ ಜಗಳ ಆಡ್ತೀರಿ. ಸಂಘದಲ್ಲಿ ಮಾತ್ರ ಸುಮ್ನೆ ಸಹಿ ಹಾಕಿ ಬರ್ತೀರಿ. ಬೇಡ. ಉಳಿದ ಅಸಲಿಗೆ ಮಾತ್ರ ಬಡ್ಡಿ.

ಈಗ ಕೆಲವರು ಹೇಳ್ತಾರೆ, "ಬಡ್ಡಿ ಹೋಗೋದು ನಮ್ಮ ಸಂಘಕ್ಕೇ ತಾನೆ, ನಮ್ಮ ದುಡ್ಡು ನಮ್ಮ ಹತ್ರಾನೇ ಇರುತ್ತೆ." ಕೇಳೋಕೆ ಚೆನ್ನಾಗಿದೆ, ಲೆಕ್ಕಕ್ಕೆ ನಿಲ್ಲಲ್ಲ. ಆ ಹೆಚ್ಚಿನ 1,320ನ್ನ ಹದಿನೈದು ಜನಕ್ಕೆ ಹಂಚಿದ್ರೆ ತಲೆಗೆ 88 ರೂಪಾಯಿ. ಸಾಲ ತಗೊಂಡವರಿಗೆ 88 ವಾಪಸ್ ಬಂತು, ಮಿಕ್ಕ 1,232 ಉಳಿದ ಹದಿನಾಲ್ಕು ಜನರ ಪಾಲಿಗೆ ಹೋಯ್ತು. ಸಂಘದಲ್ಲಿ ಪದೇ ಪದೇ ಸಾಲ ತಗೊಳ್ಳೋರು ಯಾರು? ಬೇರೆ ದಾರಿ ಇಲ್ಲದವರು. ಅವರ ಜೇಬಿಂದ ತೆಗೆದು, ಸಾಲ ಬೇಡದವರ ಲಾಭಕ್ಕೆ ಸೇರಿಸಿದ ಹಾಗಾಯ್ತು. ಇದಕ್ಕಾ ಸಂಘ ಕಟ್ಟಿದ್ದು?

ಇನ್ನೊಂದು ವಾದ: "ಬಡ್ಡಿ ಇಳಿಸಿದ್ರೆ ಸಂಘ ಬೆಳೆಯೋದು ಹೇಗೆ?" ಅಮ್ಮ, ಬಡ್ಡಿ ದರ ಇಳಿಸಿ ಅಂತ ನಾನು ಹೇಳ್ತಾನೇ ಇಲ್ಲ! ದರ ಎಷ್ಟು ಅನ್ನೋದು ನಿಮ್ಮ ಸಭೆಯ ತೀರ್ಮಾನ, ಎರಡೇ ಇರಲಿ. ವಾಪಸ್ ಬಂದ ಸಾವಿರಾನ ಅದೇ ಸಭೆಯಲ್ಲಿ ಇನ್ನೊಬ್ಬರಿಗೆ ಸಾಲ ಕೊಡಿ, ಅದು ಅವರ ಹತ್ರ 20 ರೂಪಾಯಿ ಬಡ್ಡಿ ದುಡಿಯುತ್ತೆ. ಸಂಘ ಬೆಳೆಯೋದು ಹಾಗೆ. ಫ್ಲಾಟ್‌ನಲ್ಲಿ ಆ ಒಂದೇ ಸಾವಿರಕ್ಕೆ ಮೊದಲು ತಗೊಂಡವರ ಹತ್ರಾನೂ ಬಡ್ಡಿ, ಈಗ ತಗೊಂಡವರ ಹತ್ರಾನೂ ಬಡ್ಡಿ. ಒಂದು ದುಡ್ಡಿಗೆ ಎರಡು ಬಡ್ಡಿ. ಇದು ಬೆಳವಣಿಗೆ ಅಲ್ಲ.

ಅಂದ ಹಾಗೆ, ಸಾಲ ಕೊಡೋ ತೀರ್ಮಾನವನ್ನ ನಡಾವಳಿ ಪುಸ್ತಕದಲ್ಲಿ ಹೇಗೆ ಬರೀಬೇಕು ಅಂತ ಹೋದ ಸಂಚಿಕೆಯಲ್ಲಿ ಹೇಳಿದ್ದೀನಿ. ನೋಡಿಲ್ಲ ಅಂದ್ರೆ ದಯವಿಟ್ಟು ನೋಡಿ, ನಿಮ್ಮ ಪ್ರತಿನಿಧಿಗಳಿಗೂ ಕಳಿಸಿ. ಚಾನೆಲ್ ಸಬ್‌ಸ್ಕ್ರೈಬ್ ಮಾಡಿಕೊಳ್ಳಿ, ಪ್ರತಿ ಸಂಚಿಕೇಲೂ ಹೀಗೇ ಒಂದೊಂದು ಲೆಕ್ಕ ಬಿಡಿಸ್ತೀವಿ.

ನಿಮ್ಮ ಸಂಘದಲ್ಲಿ ಯಾವ ಬಡ್ಡಿ ಅಂತ ತಿಳಿಯೋದು ಸುಲಭ. ಸಾಲದ ಪುಸ್ತಕ ತೆಗೆದು ಬಡ್ಡಿ ಅಂಕಣದ ಮೇಲೆ ಬೆರಳಿಟ್ಟು ಕೆಳಗೆ ಇಳೀರಿ. ಅಸಲು ಕಟ್ಟುತ್ತಾ ಬಂದಿದ್ರೂ ಎಲ್ಲ ತಿಂಗಳೂ ಒಂದೇ ಅಂಕಿ ಇದ್ರೆ ಅದು ಫ್ಲಾಟ್. ಬಡ್ಡಿಗೆ ಬೇರೆ ಅಂಕಣವೇ ಇಲ್ಲ, "ಕಂತು 1,240" ಅಂತ ಒಟ್ಟಿಗೆ ಬರೆದಿದ್ದಾರಾ? ಅದು ಇನ್ನೂ ಅಪಾಯ, ಯಾಕಂದ್ರೆ ಎಷ್ಟು ಅಸಲು ತೀರಿತು ಅಂತ ಕೇಳಿದ್ರೆ ಬರೆದವರಿಗೂ ಗೊತ್ತಾಗಲ್ಲ. ಪ್ರತಿ ಸಾಲಿನಲ್ಲೂ ಕಟ್ಟಿದ ಅಸಲು, ಕಟ್ಟಿದ ಬಡ್ಡಿ, ಉಳಿದ ಅಸಲು ಮೂರೂ ಬೇರೆ ಬೇರೆ ಇರಬೇಕು. ನಿಮ್ಮ ಪಾಸ್‌ಬುಕ್‌ನಲ್ಲೂ ಅದೇ ಅಂಕಿ ಇರಬೇಕು. ಮುಂದಿನ ತಿಂಗಳ ಬಡ್ಡಿ ಹಾಕೋದು ಆ "ಉಳಿದ ಅಸಲು" ನೋಡಿ. ನೂರಕ್ಕೆ ಎರಡು ಅಂದ್ರೆ ಕೊನೆಯ ಎರಡು ಸೊನ್ನೆ ತೆಗೆದು ಎರಡರಿಂದ ಗುಣಿಸಿ: 7,000 ಇದ್ರೆ 70, ಅದರ ಎರಡರಷ್ಟು 140. ಮುಗೀತು. "ಇಳಿಯೋ ಬಡ್ಡಿ ಲೆಕ್ಕ ಕಷ್ಟ, ನಮ್ಮವರಿಗೆ ಬರಲ್ಲ" ಅಂತೀರಲ್ಲ, ಡೈರಿಯಲ್ಲಿ ಹಾಲಿನ ಲೆಕ್ಕದಲ್ಲಿ ಒಂದು ರೂಪಾಯಿ ತಪ್ಪಿದ್ರೆ ನಿಮ್ಮವರು ಹಿಡೀತಾರೆ. ಬರಲ್ವಂತೆ!

ಬೇಗ ತೀರಿಸೋರಿಗೆ ಇನ್ನೂ ಅನ್ಯಾಯ. ಆರು ಕಂತು ಕಟ್ಟಿದ ಕೂಡಲೇ ಉಳಿದ 6,000 ಒಟ್ಟಿಗೆ ಕಟ್ಟಿಬಿಟ್ರೆ, ಇಳಿಯೋ ಬಡ್ಡಿಯಲ್ಲಿ ಮುಂದಿನ 420 ರೂಪಾಯಿ ಬಡ್ಡಿ ಉಳಿಯುತ್ತೆ. ಕೆಲವು ಫ್ಲಾಟ್ ಸಂಘಗಳಲ್ಲಿ ಮಿಕ್ಕ ಆರು ತಿಂಗಳ 1,440 ಪೂರ್ತಿ ಕಟ್ಟಿ ಅಂತಾರೆ. ಸಾಲವೇ ಇಲ್ಲ, ಬಡ್ಡಿ ಎಲ್ಲಿಂದ? ಕಿರುಸಾಲ ಕೊಡೋ ಬ್ಯಾಂಕು, ಕಂಪನಿಗಳಿಗೇ ರಿಸರ್ವ್ ಬ್ಯಾಂಕ್ 2022ರ ನಿಯಮದಲ್ಲಿ ಹೇಳಿದೆ: ಅವಧಿಗೆ ಮುಂಚೆ ತೀರಿಸಿದ್ರೆ ದಂಡ ಹಾಕುವಂತಿಲ್ಲ, ತಡವಾದ್ರೆ ದಂಡ ಬಾಕಿ ಬಿದ್ದ ಮೊತ್ತಕ್ಕೆ ಮಾತ್ರ, ಇಡೀ ಸಾಲಕ್ಕಲ್ಲ. ಎಲ್ಲ ಖರ್ಚು ಸೇರಿಸಿ ವರ್ಷಕ್ಕೆ ನಿಜವಾಗಿ ಎಷ್ಟು ಬಡ್ಡಿ ಬೀಳುತ್ತೆ ಅಂತ ಸಾಲದ ವಿವರ ಪತ್ರದಲ್ಲಿ ಬರೆದುಕೊಡಬೇಕು. ಹೊರಗಿನ ಕಂಪನಿಗೇ ಈ ನಿಯಮ ಇರೋವಾಗ ನಮ್ಮ ಅಕ್ಕತಂಗಿಯರ ಸಂಘ ಅದಕ್ಕಿಂತ ಕೆಟ್ಟದಾಗಿ ನಡೆಯಬೇಕಾ?

"ಮೊದಲಿಂದ ಹೀಗೇ ನಡ್ಕೊಂಡು ಬಂದಿದೆ" ಅಂತಾರೆ. ನಡ್ಕೊಂಡು ಬಂದಿದ್ರೆ ನಿಲ್ಲಿಸಿ! "ಯಾರೂ ಕೇಳಿಲ್ಲ" ಅಂತಾರೆ. ಈಗ ಕೇಳ್ತಿದ್ದೀವಿ! ಉಳಿದ ಅಸಲಿಗೆ ಬಡ್ಡಿ, ಉಳಿದ ಅಸಲಿಗೆ ಮಾತ್ರ ಬಡ್ಡಿ. ಇದಕ್ಕೆ ಉತ್ತರ ಇದ್ದವರು ಬರೀರಿ, ಮುಂದಿನ ಸಂಚಿಕೆಯಲ್ಲಿ ಓದ್ತೀನಿ. ಬರೆಯೋ ಮುಂಚೆ ನಿಮ್ಮ ಸಾಲದ ಪುಸ್ತಕದ ಒಂದು ಪುಟ ತೆಗೆದು ಕೂಡಿಸಿ ನೋಡಿ. ಮುಂದಿನ ಬಾರಿ ಉಳಿತಾಯದ ಪಾಲಿನ ವಿಷಯ: ಸಂಘ ಬಿಟ್ಟು ಹೋಗೋರಿಗೆ ಬಡ್ಡಿಯ ಲಾಭ ಸೇರಿಸಿ ಎಷ್ಟು ಕೊಡಬೇಕು ಅನ್ನೋ ಲೆಕ್ಕ.