ಸಂಜೆಯ ಆ ಪ್ರಶ್ನೆ ನಿಂತಾಗ

ಕೇಳುಗರೇ, ನಮಸ್ಕಾರ.

ಮದುವೆಯಾದ ಹೊಸದರಲ್ಲಿ ಸಂಜೆಯಾದರೆ ಗಂಡ ತಪ್ಪದೆ ಕೇಳುತ್ತಿದ್ದ, "ಇವತ್ತು ಆಫೀಸಿನಲ್ಲಿ ಏನಾಯ್ತು?" ವರ್ಷ ಕಳೆಯುವಷ್ಟರಲ್ಲಿ ಆ ಪ್ರಶ್ನೆ ನಿಂತಿದೆ. ಈಗ ಕೇಳುವುದು, "ಹಾಲು ತಂದ್ಯಾ? ಗ್ಯಾಸ್ ಬುಕ್ ಮಾಡಿದ್ಯಾ?" ಇಷ್ಟೇ. ಹೆಂಡತಿಗೆ ಒಳಗೊಳಗೇ ಅನುಮಾನ: ಇದು ಬರೀ ರೂಢಿಯಾ, ಇಲ್ಲ ಇವರು ದೂರ ಸರಿಯುತ್ತಿದ್ದಾರಾ? ಎಷ್ಟೋ ಮನೆಗಳಲ್ಲಿ ಕೇಳುವುದನ್ನು ಬಿಟ್ಟವಳು ಹೆಂಡತಿಯೇ ಆಗಿರುತ್ತಾಳೆ, ಅದೂ ಇದೆ.

ಪ್ರಶ್ನೆ ನಿಲ್ಲುವುದಕ್ಕೆ ಒಂದು ಸಾಮಾನ್ಯ ಕಾರಣವಿದೆ. ಇವಳ ದಿನ ಹೇಗಿರುತ್ತದೆ ಅಂತ ನನಗೆ ಗೊತ್ತು ಎಂಬ ನಂಬಿಕೆ. ಅಮೆರಿಕದ ಮನಶ್ಶಾಸ್ತ್ರಜ್ಞರ ಒಂದು ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಎರಡರ್ಥ ಬರುವ ಮಾತುಗಳನ್ನು ಗಂಡ ಹೆಂಡಿರಿಗೂ ಅಪರಿಚಿತರಿಗೂ ಕೊಟ್ಟು ನೋಡಿದರು. ತಮ್ಮವರು ಸರಿಯಾಗಿ ತಿಳಿದುಕೊಳ್ಳುತ್ತಾರೆ ಎಂಬ ಭರವಸೆ ದಂಪತಿಗಳಿಗೆ ಜಾಸ್ತಿ ಇತ್ತು. ನಿಜಕ್ಕೂ ತಿಳಿದುಕೊಂಡದ್ದು ಅಪರಿಚಿತರಿಗಿಂತ ಜಾಸ್ತಿಯೇನಲ್ಲ!

ಹಾಗಾಗಿ ಅವರು ಕೇಳಿದರಾ ಬಿಟ್ಟರಾ ಅನ್ನುವುದಕ್ಕಿಂತ, ನೀವಾಗಿಯೇ ಹೇಳಿದಾಗ ಏನಾಗುತ್ತದೆ ನೋಡಿ. ಸಂಸಾರಗಳನ್ನು ದಶಕಗಳ ಕಾಲ ಗಮನಿಸಿದ ಜಾನ್ ಗಾಟ್‌ಮನ್ ಎಂಬ ಸಂಶೋಧಕರು ಇಟ್ಟ ಲೆಕ್ಕವೂ ಇದೇ. ಒಬ್ಬರು ಸುಮ್ನೆ ಒಂದು ಮಾತೆತ್ತಿದರೆ ಇನ್ನೊಬ್ಬರು ಅತ್ತ ತಿರುಗುತ್ತಾರಾ? ಆರು ವರ್ಷದ ನಂತರವೂ ಜೊತೆಗಿದ್ದವರು 100ಕ್ಕೆ 86 ಸಲ ತಿರುಗಿದ್ದರಂತೆ, ಬೇರೆಯಾದವರು 33 ಸಲ. ಅಂದರೆ ಚೆನ್ನಾಗಿರುವ ಮನೆಯಲ್ಲೂ ಕೆಲವು ಮಾತು ಗಾಳಿಗೆ ಹೋಗುತ್ತವೆ.

ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬ ಹೆಂಡತಿಯನ್ನು ನೆನೆದುಕೊಳ್ಳಿ. "ನಮ್ಮ ಮ್ಯಾನೇಜರಿಗೆ ಟ್ರಾನ್ಸ್‌ಫರ್ ಆಯ್ತು ಕಣ್ರೀ" ಅನ್ನುತ್ತಾಳೆ. ಗಂಡ ಮೊಬೈಲ್ ನೋಡುತ್ತಲೇ, "ಯಾರು, ನಿನಗೆ ರಜೆ ಕೊಡದೆ ಸತಾಯಿಸಿದ್ರಲ್ಲ, ಅವರಾ?" ಅಂದರೆ ಹಳೆಯದು ಅವನ ತಲೆಯಲ್ಲಿದೆ. ಕೇಳುವ ಅಭ್ಯಾಸ ತಪ್ಪಿದೆ, ಅಷ್ಟೇ. "ಹೂಂ" ಅಂದು ಎದ್ದುಹೋದರೆ? ಒಂದು ದಿನದ "ಹೂಂ" ಲೆಕ್ಕಕ್ಕಿಲ್ಲ. ವಾರಗಟ್ಟಲೆ ಹಾಗೇ ಆದರೆ ಇನ್ನೊಂದನ್ನೂ ಗಮನಿಸಬೇಕು: ಅವನು ತನ್ನ ವಿಷಯ ಹೇಳುತ್ತಾನಾ? ಕೆಲಸ ಬದಲಾಯಿಸಲು ಇಂಟರ್‌ವ್ಯೂಗೆ ಹೋದದ್ದು ನಾದಿನಿಯ ಬಾಯಿಂದ ಗೊತ್ತಾದರೆ, ಅದನ್ನು ರೂಢಿ ಅಂತ ನಾನಂತೂ ಒಪ್ಪುವುದಿಲ್ಲ.

ಆಗಲೂ ಆತುರ ಬೇಡ. ಗೆಳೆಯರ ಜೊತೆ ನಗುತ್ತಾ ಮನೆಯಲ್ಲಿ ಮಾತ್ರ ಮೌನವಾಗಿದ್ದರೆ ತೊಡಕು ನಿಮ್ಮಿಬ್ಬರ ನಡುವೆಯೇ ಇರಬಹುದು. ಎಲ್ಲರ ಜೊತೆಗೂ ಮಾತು ಬಿಟ್ಟು, ಊಟ ನಿದ್ದೆಯೂ ಕೆಟ್ಟಿದ್ದರೆ, ಅದು ಸಾಲದ ಚಿಂತೆಯೋ ಖಿನ್ನತೆಯೋ ಇರಬಹುದು, ವೈದ್ಯರ ಹತ್ತಿರ ಹೋಗುವುದು ಒಳ್ಳೆಯದು.

ಮಾತೆತ್ತುವುದಾದರೆ ಬಾಗಿಲಲ್ಲಿ ಚಪ್ಪಲಿ ಬಿಡುವ ಹೊತ್ತು ಬೇಡ, ಊಟವಾಗಲಿ. "ನೀವು ಈಗ ಏನೂ ಕೇಳೋದೇ ಇಲ್ಲ" ಅಂದರೆ ಎದುರಿನವರು ವಾದಕ್ಕೆ ನಿಲ್ಲುತ್ತಾರೆ. "ನೀವು ಕೇಳ್ತಿದ್ದಾಗ ನನಗೆ ಇಷ್ಟ ಆಗ್ತಿತ್ತು, ಈಗ ಹೇಳೋಕೆ ಯಾರೂ ಇಲ್ಲ ಅನ್ಸುತ್ತೆ" ಅನ್ನಿ. ಅಭ್ಯಾಸ ತಪ್ಪಿದವರು "ಅಯ್ಯೋ, ಹೌದಾ?" ಅನ್ನುತ್ತಾರೆ, ಮರುದಿನ ಸ್ವಲ್ಪ ಪೆಚ್ಚಾಗಿಯಾದರೂ ಕೇಳುತ್ತಾರೆ. ದೂರ ಸರಿದವರು ಸಿಡುಕುತ್ತಾರೆ, ಇಲ್ಲವೇ "ಆಯ್ತು ಬಿಡು" ಅಂದು ಮಾತು ಮುಗಿಸುತ್ತಾರೆ. ಅಂಥವರ ಜೊತೆ ಆಡಬೇಕಾದ ಮಾತು ಆಫೀಸಿನದ್ದಲ್ಲ. ಇಬ್ಬರಿಂದಲೇ ಅದು ಆಗದಿದ್ದರೆ ಆಪ್ತ ಸಮಾಲೋಚಕರ ಬಳಿ ಹೋಗಬಹುದು. ಜೊತೆಗೆ ಬರಲು ಅವರು ಒಪ್ಪದಿದ್ದರೆ ನೀವೊಬ್ಬರೇ ಹೋದರೂ ಆದೀತು.

ನಮಸ್ಕಾರ.